ದೆಹಲಿಯ ನೋಟಿಸು, ಚಿಕ್ಕಬಳ್ಳಾಪುರದ ಮೇಲ್

ವಿಮಾನ ಹೇಳದೆ ಕೇಳದೆ ರದ್ದಾದರೆ ಪ್ರಯಾಣಿಕರಿಗೆ ಇಂತಿಷ್ಟು ಪರಿಹಾರ ಕೊಡಬೇಕು ಎಂಬ ನಿಯಮ ನಮ್ಮ ದೇಶದಲ್ಲಿದೆ. ತಡವಾದರೆ ಇಂತಿಷ್ಟು ದುಡ್ಡು ಎಂಬ ನಿಯಮ ಇಲ್ಲ. ಇದನ್ನು ನಮ್ಮ ಚಿಕ್ಕಪ್ಪನಿಗೆ ಒಪ್ಪಿಸುವುದಕ್ಕೆ ಒಂದು ಸಂಜೆಯೇ ಹಿಡಿಯಿತು. ಜೊತೆಗೆ ಯಾತ್ರೆಗೆ ಹೋಗಿದ್ದ ಯಾರೋ ಅವರಿಗೆ ‘ತಲೆಗೆ ಹತ್ತು ಸಾವಿರ ಬರ್ತದೆ, ಬಿಡಬೇಡಿ’ ಅಂದಿದ್ದರು. ಹತ್ತು ಸಾವಿರ ಎನ್ನುವ ಅಂಕಿ ಸುಳ್ಳಲ್ಲ. ಎರಡು ಗಂಟೆಗಿಂತ ಹೆಚ್ಚು ಹಾರಾಟದ ವಿಮಾನವನ್ನು ಮುಂಚೆ ತಿಳಿಸದೆ ರದ್ದು ಮಾಡಿದರೆ ಹತ್ತು ಸಾವಿರ, ಇಲ್ಲವೇ ಟಿಕೆಟ್ಟಿನ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಆದರೆ ಚಿಕ್ಕಪ್ಪನ ವಿಮಾನ ರದ್ದಾಗಿರಲಿಲ್ಲ, ಏಳು ಗಂಟೆಗೂ ಮೀರಿ ತಡವಾಗಿತ್ತು. ಹತ್ತು ಸಾವಿರ ಕೇಳಿ ಮೇಲ್ ಹಾಕಿದ್ದರೆ ‘ನಿಯಮದಲ್ಲಿ ಅವಕಾಶ ಇಲ್ಲ’ ಎಂಬ ಒಂದೇ ಸಾಲಿನಲ್ಲಿ ವಿಷಯ ಮುಗಿಯುತ್ತಿತ್ತು, ನಿಜವಾಗಿ ಬರಬೇಕಾದ ದುಡ್ಡೂ ಅದರ ಜೊತೆಗೇ ಹೋಗುತ್ತಿತ್ತು.

ಮದುವೆಗೆ ಮುಂಚೆ ನಾನು ಕೆಲವು ವರ್ಷ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಚೆಕ್‌ಇನ್ ಕೌಂಟರಿನ ಕೆಲಸ ಮಾಡಿದ್ದೆ. ಚಿಕ್ಕಬಳ್ಳಾಪುರದಿಂದ ಶಿಫ್ಟ್ ಕ್ಯಾಬ್ ಹತ್ತಿ ಹೋಗುವ ನಮ್ಮ ಕಡೆಯ ಹುಡುಗ ಹುಡುಗಿಯರು ಅಲ್ಲಿ ತುಂಬಾ ಮಂದಿ. ಕೌಂಟರಿನ ಆಚೆ ಬದಿಯಲ್ಲಿ ನಿಂತು ನೋಡಿದ್ದರಿಂದ ವಿಮಾನ ತಡವಾದಾಗ ಗೇಟಿನಲ್ಲಿ ಅಂಟಿಸುವ ನೋಟಿಸಿನಲ್ಲಿ ಯಾವ ಸಾಲು ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಹರಿದ್ವಾರ ಮುಗಿಸಿ ಚಿಕ್ಕಪ್ಪ ಚಿಕ್ಕಮ್ಮ ದೆಹಲಿಯಿಂದ ಬೆಂಗಳೂರಿಗೆ ಬರುವವರಿದ್ದರು. ಮಾರ್ಚ್ ತಿಂಗಳು. ವಿಮಾನ ರಾತ್ರಿ 20:40ಕ್ಕೆ. ಸಂಜೆ ಏಳರ ಸುಮಾರಿಗೆ ಅವರ ಮೊಬೈಲಿಗೆ ‘22:30ಕ್ಕೆ ಹೊರಡುತ್ತದೆ’ ಎಂದು ಎಸ್ಸೆಮ್ಮೆಸ್ ಬಂದಿತ್ತು. ಆಮೇಲೆ ಗೇಟಿನ ಹತ್ತಿರ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆ ಅಂಟಿಸಿದರು. ಚಿಕ್ಕಪ್ಪ ಅದರ ಫೋಟೊ ತೆಗೆದು ನನಗೆ ವಾಟ್ಸಾಪ್ ಮಾಡಿ, ಹಿಂದೆಯೇ ಫೋನ್ ಮಾಡಿದರು. ‘ಏನೈತಮ್ಮ ಇದ್ರಲ್ಲಿ? ಕೇಳಿದ್ರೆ ಯಾರೂ ನೆಟ್ಟಗೆ ಹೇಳ್ತಿಲ್ಲ.’

ಹಾಳೆಯಲ್ಲಿ ಇದ್ದದ್ದು ನಾಲ್ಕೇ ಸಂಗತಿ: ವಿಮಾನದ ಸಂಖ್ಯೆ, ಮೊದಲು ಹೊರಡಬೇಕಿದ್ದ ಸಮಯ 20:40, ಈಗ ಅಂದಾಜು ಮಾಡಿರುವ ಸಮಯ 03:50, ಮತ್ತು ‘ಕಾರ್ಯಾಚರಣೆಯ ಕಾರಣಗಳಿಂದ’ ಎಂಬ ಕಾರಣ. ಕೆಳಗೆ ಸಹಿಯಿಲ್ಲ, ಮೊಹರಿಲ್ಲ. ಕ್ಷಮೆ ಕೇಳಿದ ಎರಡು ಸಾಲು ಉಂಟು. ಓದಿದ ತಕ್ಷಣ ನಾನು ಎರಡು ಸಮಯಗಳ ನಡುವಿನ ಅಂತರ ಲೆಕ್ಕ ಹಾಕಿದೆ. ಏಳು ಗಂಟೆ ಹತ್ತು ನಿಮಿಷ.

ಆ ಅಂತರ ಯಾಕೆ ಮುಖ್ಯ ಎಂದು ಹೇಳಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ., ಹೊರಡಿಸಿರುವ ನಿಯಮಾವಳಿಗೆ ಸಿ.ಎ.ಆರ್. ಎನ್ನುತ್ತಾರೆ. ಅದರ ಸೆಕ್ಷನ್ 3, ಸರಣಿ ಎಂ, ಭಾಗ 4 ಪ್ರಯಾಣಿಕರನ್ನು ಹತ್ತಿಸಿಕೊಳ್ಳದಿದ್ದಾಗ, ವಿಮಾನ ರದ್ದಾದಾಗ, ತಡವಾದಾಗ ಕಂಪನಿ ಏನು ಮಾಡಬೇಕು ಎಂಬುದನ್ನು ಹೇಳುತ್ತದೆ. ತಡದ ವಿಷಯದಲ್ಲಿ ಅದು ಮೂರು ಮೆಟ್ಟಿಲು ಇಟ್ಟಿದೆ. ಮೊದಲನೆಯದು ಊಟ ತಿಂಡಿ. ಎರಡೂವರೆ ಗಂಟೆಯೊಳಗಿನ ಹಾರಾಟಕ್ಕೆ ಎರಡು ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯ ಹಾರಾಟಕ್ಕೆ ಮೂರು ಗಂಟೆ ತಡವಾದರೆ, ಕಾಯುವ ಹೊತ್ತಿಗೆ ತಕ್ಕಂತೆ ಊಟ ಕೊಡಬೇಕು. ದೆಹಲಿ–ಬೆಂಗಳೂರು ಎರಡನೆಯ ಗುಂಪಿಗೆ ಬರುತ್ತದೆ. ಎರಡನೆಯ ಮೆಟ್ಟಿಲು, ದೇಶದೊಳಗಿನ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ವಾಪಸ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ. ಮೂರನೆಯದನ್ನು ಬಹಳ ಜನ ಕೇಳಿಯೇ ಇರುವುದಿಲ್ಲ. ಸಾಮಾನ್ಯವಾಗಿ 24 ಗಂಟೆ ಮೀರಿ ತಡವಾದರೆ ಮಾತ್ರ ಹೋಟೆಲ್ ರೂಮು ಕೊಡಬೇಕು. ಆದರೆ ರಾತ್ರಿ ಎಂಟರಿಂದ ಬೆಳಗಿನ ಜಾವ ಮೂರರೊಳಗೆ ಹೊರಡಬೇಕಿದ್ದ ವಿಮಾನವಾದರೆ ಆರು ಗಂಟೆ ಮೀರಿದರೂ ಸಾಕು, ರೂಮು, ಅಲ್ಲಿಗೆ ಹೋಗಿಬರುವ ವಾಹನ ಎರಡೂ ಕಂಪನಿಯ ಖರ್ಚು. 20:40 ಆ ಅವಧಿಯೊಳಗೆ ಬರುತ್ತದೆ. ಏಳು ಗಂಟೆ ಹತ್ತು ನಿಮಿಷ ಆರನ್ನು ಮೀರುತ್ತದೆ.

ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಕುರ್ಚಿಯಲ್ಲಿ ಬೆಳಗಿನವರೆಗೆ ಕೂರುವುದು ಅವರ ಕೈಲಾಗದ ಕೆಲಸ. ನಾನು ಚಿಕ್ಕಪ್ಪನಿಗೆ ಹೇಳಿದ್ದು ಇಷ್ಟು: ‘ಮೊದಲು ಕೌಂಟರಿಗೆ ಹೋಗಿ ರೂಮು ಕೇಳಿ. ಕೊಡಲ್ಲ ಅಂದ್ರೆ ಎಷ್ಟು ಗಂಟೇಲಿ ಅಂದ್ರು ಅನ್ನೋದು ಬರ್ಕೊಳ್ಳಿ. ಆಮೇಲೆ ನಿಮ್ಮ ದುಡ್ಡಲ್ಲೇ ರೂಮು ಮಾಡಿ, ಬಿಲ್ ಮಾತ್ರ ನಿಮ್ಮ ಹೆಸರಲ್ಲೇ ಇರಲಿ.’ ಕೇಳದೆ ಖರ್ಚು ಮಾಡಿದರೆ ‘ನೀವು ಕೇಳಿದ್ದಿದ್ದರೆ ನಾವು ಕೊಡುತ್ತಿದ್ದೆವು’ ಎಂಬ ಉತ್ತರಕ್ಕೆ ದಾರಿ ಮಾಡಿಕೊಟ್ಟಂತೆ. ಅವರು 21:55ಕ್ಕೆ ಕೇಳಿದರು. ವಿಮಾನ ರದ್ದಾದವರಿಗೆ ಮಾತ್ರ ರೂಮು ಎಂದರಂತೆ. ನಿಲ್ದಾಣದ ಒಳಗೇ ಗಂಟೆ ಲೆಕ್ಕದಲ್ಲಿ ರೂಮು ಸಿಗುತ್ತಿತ್ತು, 4,480 ರೂಪಾಯಿ ಕೊಟ್ಟು ಚಿಕ್ಕಮ್ಮನನ್ನು ಮಲಗಿಸಿದರು. ಊಟ ಮತ್ತು ಬೆಳಗಿನ ಜಾವದ ತಿಂಡಿಗೆ ಎರಡು ಬಿಲ್ಲು ಸೇರಿ 1,050. ಕಂಪನಿಯವರು ಮಧ್ಯೆ ಒಮ್ಮೆ ತಲೆಗೊಂದು ಸ್ಯಾಂಡ್‌ವಿಚ್, ಒಂದು ಜ್ಯೂಸ್ ಹಂಚಿದ್ದರು. ಸಕ್ಕರೆ ಕಾಯಿಲೆಯವರಿಗೆ ಜ್ಯೂಸ್. ಕೊನೆಗೆ ವಿಮಾನ ಎದ್ದದ್ದು 04:20ಕ್ಕೆ.

ಅದೇ ರಾತ್ರಿ ನಾನು ಇನ್ನೊಂದು ಕೆಲಸ ಮಾಡಿದೆ. ವಿಮಾನಗಳ ಹಾದಿ ತೋರಿಸುವ ವೆಬ್‌ಸೈಟುಗಳಲ್ಲಿ ಹಳೆಯ ದಾಖಲೆ ಕೆಲವು ದಿನ ಮಾತ್ರ ಉಚಿತವಾಗಿ ಸಿಗುತ್ತದೆ, ಆಮೇಲೆ ದುಡ್ಡು ಕಟ್ಟಬೇಕು. ಆ ಹೊತ್ತಿಗೆ ದೆಹಲಿಯಿಂದ ಬೆಂಗಳೂರಿಗೆ ಹೊರಟ ಬೇರೆ ವಿಮಾನಗಳ ಪಟ್ಟಿಯನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಅವೆಲ್ಲ ಹೆಚ್ಚು ಕಡಿಮೆ ಹೊತ್ತಿಗೆ ಸರಿಯಾಗಿ ಎದ್ದಿದ್ದವು. ಹವಾಮಾನ, ಏರ್ ಟ್ರಾಫಿಕ್ ಕಂಟ್ರೋಲ್, ಭದ್ರತೆಯಂಥ ತಮ್ಮ ಕೈಮೀರಿದ ಕಾರಣವಿದ್ದರೆ ಪರಿಹಾರದ ಹೊಣೆ ಕಂಪನಿಗೆ ಇಲ್ಲ ಎಂದು ಅದೇ ಸಿ.ಎ.ಆರ್. ಹೇಳುತ್ತದೆ. ಮುಂದೆ ಆ ಮಾತು ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು.

ಊರಿಗೆ ಬಂದ ಮೇಲೆ ಚಿಕ್ಕಪ್ಪ ಇಟ್ಟ ಷರತ್ತು ಒಂದೇ. ‘ನನ್ನ ಹೆಸರಲ್ಲಿ ಹೋಗೋ ಕಾಗ್ದ ಕನ್ನಡದಾಗೇ ಇರಬೇಕು. ನಾಳೆ ಅವ್ರು ಫೋನ್ ಮಾಡಿ ನೀವು ಹಿಂಗೆ ಬರ್ದಿದೀರಲ್ಲ ಅಂದ್ರೆ ನಾನೇನ್ ಹೇಳ್ಲಿ?’ ನನಗೆ ಇದು ಸರಿ ಅನ್ನಿಸಿತು. ರಾತ್ರಿಯಿಡೀ ಅಲ್ಲಿ ಇದ್ದವರು ಅವರು, ಹೇಳಿಕೆಯೂ ಅವರದೇ. ಅದರ ಪ್ರತಿ ಸಾಲನ್ನೂ ಅವರು ಓದಿ ಒಪ್ಪಬೇಕು.

ಆದರೆ ಕನ್ನಡದಲ್ಲಿ ಬರೆಯುವಾಗ ಕೆಲವು ಎಚ್ಚರಿಕೆ ಬೇಕು. ಬಿ.ಬಿ. ರಸ್ತೆಯ ಡಿ.ಟಿ.ಪಿ. ಅಂಗಡಿಯಲ್ಲಿ ಟೈಪು ಮಾಡಿಸೋಣ ಎಂದು ಚಿಕ್ಕಪ್ಪ ಹೊರಟಿದ್ದರು, ನಾನು ತಡೆದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್ ಆಗಿದ್ದರೆ ಎಲ್ಲಿ ತೆರೆದರೂ ಕನ್ನಡವೇ. ಫೋನಿನ ಕೀಬೋರ್ಡಿನಲ್ಲಿ ಬರುವ ಕನ್ನಡ ಯೂನಿಕೋಡೇ ಆದ್ದರಿಂದ ನಾನು ಫೋನಿನಲ್ಲೇ ಬರೆದೆ. ಕಂಪನಿಯ ವೆಬ್‌ಸೈಟಿನ ದೂರಿನ ಫಾರ್ಮು ಕನ್ನಡ ಅಕ್ಷರಗಳನ್ನು ತೆಗೆದುಕೊಳ್ಳಲಿಲ್ಲ, ಕೆಂಪು ಗೆರೆ ತೋರಿಸಿ ನಿಂತುಬಿಟ್ಟಿತು. ಹಾಗಾಗಿ ಮೇಲ್. ಪ್ರತಿ ವಿಮಾನ ಕಂಪನಿಯೂ ದೂರುಗಳಿಗೆ ನೋಡಲ್ ಅಧಿಕಾರಿ, ಅವರ ಮೇಲೆ ಮೇಲ್ಮನವಿ ಅಧಿಕಾರಿ ಇಬ್ಬರ ವಿಳಾಸವನ್ನು ವೆಬ್‌ಸೈಟಿನಲ್ಲಿ ಹಾಕಿರುತ್ತದೆ. ಮೊದಲು ಗ್ರಾಹಕ ಸೇವೆಗೆ ಕಳಿಸಿ, ಪ್ರತಿಯನ್ನು ನೋಡಲ್ ಅಧಿಕಾರಿಗೂ ಹಾಕಿದೆವು.

ಆ ಕಡೆ ಕನ್ನಡ ಬಾರದವರು ಇದನ್ನು ಭಾಷಾಂತರ ಮಾಡಿಸಿಕೊಂಡೇ ಓದುತ್ತಾರೆ ಎಂದುಕೊಂಡು ಬರೆಯಬೇಕು. ಸಾಲುಗಳು ಚಿಕ್ಕವಾಗಿರಬೇಕು. ‘ಬೆಳಗಿನ ಜಾವ ನಾಲ್ಕು ಚಿಲ್ಲರೆಗೆ’ ಎಂದು ಬರೆದರೆ ಅಲ್ಲಿಗೆ ಏನಾಗಿ ತಲುಪುತ್ತದೋ ಹೇಳಲಾಗದು, 04:20 ಎಂದರೆ ಎಲ್ಲರಿಗೂ 04:20. ಅಂಕಿಗಳನ್ನು ಕನ್ನಡ ಅಂಕಿಯಲ್ಲಿ ಬರೆಯದೆ ಟಿಕೆಟ್ಟಿನಲ್ಲಿ ಇದ್ದಂತೆಯೇ ಇಡಬೇಕು. ಪಿ.ಎನ್.ಆರ್., ವಿಮಾನದ ಸಂಖ್ಯೆ, ಪ್ರಯಾಣಿಕರ ಹೆಸರು ಇವು ಮೂರನ್ನೂ ಟಿಕೆಟ್ಟಿನ ಅಕ್ಷರಗಳಲ್ಲೇ ನಕಲು ಮಾಡಬೇಕು, ಅವರ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವುದು ಅದೇ ರೂಪದಲ್ಲಿ. ಇ-ಮೇಲ್‌ನ ವಿಷಯದ ಸಾಲಿನಲ್ಲೂ ಪಿ.ಎನ್.ಆರ್. ಹಾಕಿದೆ.

ಫೋಟೊದ ವಿಷಯ ಇನ್ನೂ ಸೂಕ್ಷ್ಮ. ಚಿಕ್ಕಪ್ಪ ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ಅದನ್ನು ತೆಗೆದ ಸಮಯ ಉಳಿದಿರಲಿಲ್ಲ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಕಳಿಸುವಾಗ ಆ ವಿವರ ಅಳಿಸಿಹೋಗುತ್ತದೆ. ಅವರ ಫೋನಿನ ಗ್ಯಾಲರಿಯಲ್ಲಿದ್ದ ಮೂಲ ಫೋಟೊದ ವಿವರ ತೆರೆದರೆ 21:38 ಎಂದಿತ್ತು. ನಮಗೆ ಬೇಕಾಗಿದ್ದದ್ದು ಅದೇ. ಚಿಕ್ಕಪ್ಪನ ಫೋನಿನಿಂದಲೇ ಮೂಲ ಫೋಟೊವನ್ನು ಮೇಲಿಗೆ ಸೇರಿಸಿದೆವು. ವಾಟ್ಸಾಪಿನಲ್ಲೇ ಕಳಿಸಬೇಕಿದ್ದರೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಸಮಯ ಉಳಿಯುತ್ತದೆ.

ಕೊನೆಗೆ ಹೋದ ಮೇಲ್ ಹೀಗಿತ್ತು. ಹೆಸರು, ಸಂಖ್ಯೆಗಳನ್ನು ಮಾತ್ರ ಇಲ್ಲಿ ಬಿಟ್ಟಿದ್ದೇನೆ.

‘ಮಾನ್ಯರೇ,

ನಾನು ಮತ್ತು ನನ್ನ ಪತ್ನಿ ನಿಮ್ಮ ದೆಹಲಿ–ಬೆಂಗಳೂರು ವಿಮಾನದ ಪ್ರಯಾಣಿಕರು. ವಿಮಾನ ಹೊರಡಬೇಕಿದ್ದ ಸಮಯ 20:40. ಅದು ಹೊರಟದ್ದು ಮರುದಿನ 04:20ಕ್ಕೆ.

ಗೇಟಿನಲ್ಲಿ ನೀವು ಅಂಟಿಸಿದ ನೋಟಿಸಿನ ಫೋಟೊ ಇದರೊಂದಿಗೆ ಇದೆ. ಫೋಟೊ ತೆಗೆದ ಸಮಯ 21:38. ಅದರಲ್ಲಿ ಹೊಸ ಸಮಯ 03:50 ಎಂದಿದೆ. ಅಂದರೆ 21:38ಕ್ಕೇ ವಿಳಂಬ 7 ಗಂಟೆ 10 ನಿಮಿಷ ಆಗುತ್ತದೆಂದು ನಿಮಗೆ ತಿಳಿದಿತ್ತು. ಕಾರಣ ಕಾರ್ಯಾಚರಣೆಯದು ಎಂದು ನೀವೇ ಬರೆದಿದ್ದೀರಿ.

ಸಿ.ಎ.ಆರ್. ಸೆಕ್ಷನ್ 3, ಸರಣಿ ಎಂ, ಭಾಗ 4ರ ಪ್ರಕಾರ 20:00ರಿಂದ 03:00ರ ನಡುವೆ ಹೊರಡಬೇಕಾದ ವಿಮಾನ 6 ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ವಸತಿ ಕೊಡಬೇಕು. ನಾವು 21:55ಕ್ಕೆ ನಿಮ್ಮ ಕೌಂಟರಿನಲ್ಲಿ ಕೇಳಿದೆವು. ಕೊಡಲಿಲ್ಲ. ಕಾಯುವ ಸಮಯಕ್ಕೆ ತಕ್ಕ ಊಟವನ್ನೂ ಕೊಡಬೇಕು. ನೀವು ಕೊಟ್ಟದ್ದು ಒಬ್ಬರಿಗೆ ಒಂದು ಸ್ಯಾಂಡ್‌ವಿಚ್, ಒಂದು ಜ್ಯೂಸ್.

ನಾವು ಖರ್ಚು ಮಾಡಿದ ಹಣ: ರೂಮು 4,480 ರೂಪಾಯಿ. ಊಟ ತಿಂಡಿ 1,050 ರೂಪಾಯಿ. ಒಟ್ಟು 5,530 ರೂಪಾಯಿ. ಮೂರು ಬಿಲ್ಲುಗಳೂ ಇದರೊಂದಿಗೆ ಇವೆ.

ಈ ಹಣವನ್ನು ನನ್ನ ಬ್ಯಾಂಕ್ ಖಾತೆಗೆ ಕೊಡಿ. ಕೂಪನ್ ಬೇಡ. ಕೊಡಲು ನಿರಾಕರಿಸುವುದಾದರೆ ಈ ವಿಮಾನಕ್ಕೆ ದಾಖಲಾದ ಡಿಲೇ ಕೋಡ್ ಯಾವುದು ಎಂದು ಬರಹದಲ್ಲಿ ತಿಳಿಸಿ.’

ಡಿಲೇ ಕೋಡಿನ ಸಾಲು ನನ್ನದು. ವಿಮಾನ ತಡವಾದಾಗಲೆಲ್ಲ ಕಾರಣವನ್ನು ಎರಡಂಕಿಯ ಕೋಡಿನಲ್ಲಿ ದಾಖಲು ಮಾಡುವ ಪದ್ಧತಿ ಇದೆ, ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐ.ಎ.ಟಿ.ಎ. ಮಾಡಿಟ್ಟದ್ದು. 93 ಅಂದರೆ ಇದೇ ವಿಮಾನ ಹಿಂದಿನ ಊರಿನಿಂದ ತಡವಾಗಿ ಬಂತು, 41 ಅಂದರೆ ವಿಮಾನದಲ್ಲಿ ದೋಷ, 71 ಅಂದರೆ ಹೊರಡುವ ಊರಿನ ಹವಾಮಾನ. ಕೋಡ್ ಕೇಳಿದ ತಕ್ಷಣ ಕೊಟ್ಟುಬಿಡುತ್ತಾರೆ ಎಂದೇನಿಲ್ಲ. ಆದರೆ ಕೇಳಿದ ಮೇಲೆ ಬಾಯಿಗೆ ಬಂದ ಕಾರಣ ಬರೆಯುವುದು ಅವರಿಗೆ ಕಷ್ಟ, ಯಾಕೆಂದರೆ ಅದು ದಾಖಲೆಯಲ್ಲಿ ಇರುತ್ತದೆ, ಮುಂದೆ ಯಾರಾದರೂ ತೆರೆದು ನೋಡಬಹುದು.

ಸ್ಯಾಂಡ್‌ವಿಚ್ಚಿನ ಮಾತು ಹಾಕುವುದು ಬೇಡ ಎಂದು ಚಿಕ್ಕಪ್ಪನಿಗೆ ಅನ್ನಿಸಿತ್ತು. ಹಾಕಲೇಬೇಕು ಎಂದೆ. ಕೊಟ್ಟದ್ದನ್ನು ಕೊಟ್ಟಿದ್ದಾರೆ ಎಂದು ನಾವೇ ಬರೆದರೆ ಉಳಿದ ಮಾತಿಗೆ ತೂಕ ಬರುತ್ತದೆ. ಬಿಟ್ಟಿದ್ದರೆ ಅವರ ಉತ್ತರ ಅಲ್ಲಿಂದಲೇ ಶುರುವಾಗುತ್ತಿತ್ತು. ಟಿಕೆಟ್ ದುಡ್ಡು ವಾಪಸ್ ಕೇಳಲಿಲ್ಲ. ಆರು ಗಂಟೆ ಮೀರಿದಾಗ ದುಡ್ಡು ವಾಪಸ್ ಪಡೆಯುವ ಹಕ್ಕು ಇರುವುದು ಆ ವಿಮಾನದಲ್ಲಿ ಹೋಗದೆ ಬಿಟ್ಟವರಿಗೆ. ಇವರು ಅದರಲ್ಲೇ ಬಂದಿದ್ದರು.

ಮೊದಲ ಉತ್ತರ ಇಂಗ್ಲಿಷಿನಲ್ಲಿ ಬಂತು. ನಾನು ಓದಿ ಒಂದೊಂದೇ ಸಾಲು ಚಿಕ್ಕಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅದರಲ್ಲಿ ನಮ್ಮ ಮೇಲನ್ನು ಅವರು ಸರಿಯಾಗಿಯೇ ಓದಿದ್ದಾರೆ ಎಂಬುದಕ್ಕೆ ಗುರುತು ಇತ್ತು, ಮೊತ್ತ, ಸಮಯ ಎರಡೂ ತಪ್ಪಿಲ್ಲದೆ ಬರೆದಿದ್ದರು. ಆದರೆ ಹೇಳಿದ್ದು ಎರಡು ಮಾತು. ತಡಕ್ಕೆ ಕಾರಣ ನಮ್ಮ ಕೈಮೀರಿದ್ದು. ಪ್ರಯಾಣಿಕರಿಗೆ ಕಾಲಕಾಲಕ್ಕೆ ಎಸ್ಸೆಮ್ಮೆಸ್ ಮೂಲಕ ಹೊಸ ಸಮಯ ತಿಳಿಸಿದ್ದೇವೆ, ಮೊದಲ ಅಂದಾಜು ಎರಡು ಗಂಟೆಯೊಳಗೇ ಇತ್ತು. ಸೌಹಾರ್ದಕ್ಕಾಗಿ ತಲೆಗೆ ಒಂದು ಸಾವಿರದ ವೋಚರ್, ಮುಂದಿನ ಪ್ರಯಾಣಕ್ಕೆ ಬಳಸಿ. ಡಿಲೇ ಕೋಡಿನ ಸುದ್ದಿಯೇ ಇಲ್ಲ.

ಎರಡನೆಯ ಮಾತೇ ಇಂಥ ಪ್ರಕರಣಗಳಲ್ಲಿ ಪ್ರಯಾಣಿಕರನ್ನು ಸೋಲಿಸುವುದು. 20:40 ಹೋಗಿ 22:30, ಅದು ಹೋಗಿ ಇನ್ನೊಂದು ಎಂದು ಸ್ವಲ್ಪ ಸ್ವಲ್ಪವೇ ಮುಂದೂಡಿದರೆ ಯಾವ ಹೊತ್ತಿನಲ್ಲೂ ‘ಆರು ಗಂಟೆ ಮೀರುತ್ತದೆಂದು ನಮಗೆ ಗೊತ್ತಿರಲಿಲ್ಲ’ ಎನ್ನಬಹುದು. ಎಸ್ಸೆಮ್ಮೆಸ್ ಮಾತ್ರ ಇದ್ದಿದ್ದರೆ ನಮ್ಮ ಹತ್ತಿರ ಉತ್ತರ ಇರುತ್ತಿರಲಿಲ್ಲ. ಗೇಟಿನ ಹಾಳೆ ಮಾತ್ರ ಒಂದೇ ಸಲಕ್ಕೆ 03:50ಕ್ಕೆ ಜಿಗಿದಿತ್ತು, ಅದೂ 21:38ರೊಳಗೆ, ಅಂದರೆ ಇಡೀ ರಾತ್ರಿ ಮುಂದೆ ಇರುವಾಗ.

ನಾವು ವೋಚರ್ ಮುಟ್ಟಲಿಲ್ಲ. ಅದನ್ನು ಒಪ್ಪಿಕೊಳ್ಳುವ ಗುಂಡಿ ಒತ್ತಿದರೆ ವಿಷಯ ಇತ್ಯರ್ಥವಾಯಿತು ಎಂದು ಬರೆದುಕೊಳ್ಳುವ ಸಾಧ್ಯತೆ ಇತ್ತು. ಅದೇ ಇ-ಮೇಲ್ ಸರಣಿಯಲ್ಲೇ ನೋಡಲ್ ಅಧಿಕಾರಿಗೆ ಚಿಕ್ಕ ಉತ್ತರ ಬರೆದೆವು: ವೋಚರ್ ಒಪ್ಪುವುದಿಲ್ಲ. ನಿಮ್ಮ ನೋಟಿಸಿನಲ್ಲಿ ಕಾರ್ಯಾಚರಣೆಯ ಕಾರಣ ಎಂದಿದೆ, ಈಗ ಕೈಮೀರಿದ ಕಾರಣ ಎನ್ನುತ್ತೀರಿ, ಯಾವುದು ಎಂದು ಹೇಳಿ. ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಹೊರಟ ಬೇರೆ ವಿಮಾನಗಳ ಪಟ್ಟಿ ಇಲ್ಲಿದೆ. 21:38ಕ್ಕೆ ನಿಮಗೆ ಏಳು ಗಂಟೆಯ ವಿಳಂಬ ತಿಳಿದಿದ್ದೂ 21:55ಕ್ಕೆ ರೂಮು ನಿರಾಕರಿಸಿದ್ದು ಯಾಕೆ?

ಇದರ ಜೊತೆಗೆ ಏರ್‌ಸೇವಾದಲ್ಲೂ ದೂರು ಹಾಕಿದೆ. ಇದು ನಾಗರಿಕ ವಿಮಾನಯಾನ ಸಚಿವಾಲಯ 2016ರಲ್ಲಿ ಶುರು ಮಾಡಿದ ದೂರು ವ್ಯವಸ್ಥೆ, ವೆಬ್‌ಸೈಟೂ ಆಪೂ ಇದೆ. ಅಲ್ಲಿ ವಿವರವನ್ನು ಇಂಗ್ಲಿಷಿನಲ್ಲಿ ಎರಡೇ ಸಾಲು ಬರೆದು, ಕನ್ನಡ ಮೇಲನ್ನು ಪಿ.ಡಿ.ಎಫ್. ಮಾಡಿ ಸೇರಿಸಿದೆ. ದೂರು ಅಲ್ಲಿಂದ ಕಂಪನಿಗೇ ಹೋಗುತ್ತದೆ ನಿಜ, ಆದರೆ ಅದಕ್ಕೆ ಉತ್ತರ ಬಂತೋ ಇಲ್ಲವೋ ಎಂಬುದು ಸಚಿವಾಲಯದ ವ್ಯವಸ್ಥೆಯಲ್ಲಿ ದಾಖಲಾಗಿರುತ್ತದೆ.

ಕೆಲವು ವಾರದ ನಂತರ ಚಿಕ್ಕಪ್ಪನಿಗೆ ಫೋನ್ ಬಂತು. ಕನ್ನಡ ಬಲ್ಲ ಹುಡುಗಿಯೊಬ್ಬಳು ಮಾತಾಡಿದಳಂತೆ. ‘ಸರ್, ನೀವು ಕೌಂಟರಿನಲ್ಲಿ ರೂಮು ಕೇಳಿದ್ರಾ?’ ಎಂದು ಅವಳು ಕೇಳಿದಾಗ ಚಿಕ್ಕಪ್ಪ ತಡವರಿಸಲಿಲ್ಲ. ‘ಒಂಬತ್ತು ಐವತ್ತೈದಕ್ಕೆ ಕೇಳ್ದೆನಮ್ಮ, ಮೇಲಲ್ಲಿ ಬರ್ದೀನಿ ನೋಡು’ ಅಂದರು. ಆಮೇಲೆ ರದ್ದು ಮಾಡಿದ ಚೆಕ್ಕಿನ ಫೋಟೊ ಕೇಳಿದರು. 5,530 ರೂಪಾಯಿ ಪೂರ್ತಿ ಖಾತೆಗೆ ಬಂತು. ಕೋಡ್ ಯಾವುದೆಂದು ಕೊನೆಯವರೆಗೂ ಹೇಳಲಿಲ್ಲ.

ಆದರೆ ಚಿಕ್ಕಪ್ಪನ ಹೊಟ್ಟೆ ಉರಿದಿದ್ದದ್ದು ರೂಮಿನ ದುಡ್ಡಿಗಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ತೋಟದಲ್ಲಿ ದ್ರಾಕ್ಷಿ ಕೊಯ್ಲು ಇಟ್ಟುಕೊಂಡಿದ್ದರು. ಬೆಂಗಳೂರು ಬ್ಲೂ ಹಣ್ಣಾದ ಮೇಲೆ ಕಾಯುವ ಬೆಳೆಯಲ್ಲ. ಆಳುಗಳು ಬಂದು ಕೂತರು, ವ್ಯಾಪಾರಿಯ ಟೆಂಪೊ ಬಂದು ಕಾದು ಹೋಯಿತು, ಇವರು ಮನೆ ಸೇರುವಾಗ ಎಂಟೂವರೆ ದಾಟಿತ್ತು. ಕೂಲಿ ಕೊಡಲೇಬೇಕಾಯಿತು. ಇದನ್ನೂ ಮೇಲಿನಲ್ಲಿ ಸೇರಿಸು ಎಂದು ಅವರು ಎಷ್ಟು ಹೇಳಿದರೂ ನಾನು ಸೇರಿಸಲಿಲ್ಲ. ಸಿ.ಎ.ಆರ್. ಇಂಥ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಿಲ್ಲಿಲ್ಲದ ಒಂದು ಮೊತ್ತ ಸೇರಿದರೆ ಬಿಲ್ಲಿರುವ ಮೊತ್ತವೂ ಅನುಮಾನಕ್ಕೆ ಬೀಳುತ್ತದೆ.

ಅದಕ್ಕೆ ದಾರಿ ಬೇರೆ. 1972ರ ವಿಮಾನ ಸಾಗಣೆ ಕಾಯ್ದೆಯಲ್ಲಿ ತಡದಿಂದಾದ ನಷ್ಟಕ್ಕೆ ಕಂಪನಿ ಹೊಣೆ ಎಂದಿದೆ, ತಡೆಯಲು ಸಾಧ್ಯವಿದ್ದದ್ದನ್ನೆಲ್ಲ ಮಾಡಿದ್ದೆವು ಎಂದು ಅವರು ತೋರಿಸಿದರೆ ಆ ಹೊಣೆ ಇಲ್ಲ. ನಷ್ಟವನ್ನು ಸಾಬೀತು ಮಾಡಬೇಕಾದವರು ನಾವು. 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ರೈಲಿನ ಪ್ರಕರಣದಲ್ಲಿ ತಡಕ್ಕೆ ಕಾರಣವನ್ನು ವಿವರಿಸಿ ಸಾಬೀತು ಮಾಡದಿದ್ದರೆ ರೈಲ್ವೆ ಪರಿಹಾರ ಕೊಡಬೇಕು ಎಂದಿತು. ಜಮ್ಮುವಿಗೆ ನಾಲ್ಕು ಗಂಟೆ ತಡವಾಗಿ ತಲುಪಿ ವಿಮಾನ ತಪ್ಪಿಹೋದ ಕುಟುಂಬಕ್ಕೆ ಟ್ಯಾಕ್ಸಿ, ಬುಕಿಂಗ್ ಖರ್ಚು ಸಿಕ್ಕಿತು. ಅಲ್ಲಿಯೂ ಸಿಕ್ಕಿದ್ದರಲ್ಲಿ ಹೆಚ್ಚಿನದು ಲೆಕ್ಕ ತೋರಿಸಬಹುದಾದ ಖರ್ಚಿಗೇ. ನಮ್ಮ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, 2019ರ ಕಾಯ್ದೆಯ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲಿ ಹಾಕಲು ಅವಕಾಶ ಇದೆ. ಎರಡು ವರ್ಷದೊಳಗೆ ಹಾಕಬೇಕು.

ಚಿಕ್ಕಪ್ಪನಿಗೆ ಹೇಳಿದ್ದೇನೆ, ಆಳುಗಳ ಮೇಸ್ತ್ರಿಯಿಂದ ಆ ದಿನ ಎಷ್ಟು ಜನ ಬಂದಿದ್ದರು, ಎಷ್ಟು ಕೂಲಿ ಕೊಟ್ಟರು ಎಂದು ಸಹಿ ಹಾಕಿಸಿ ಬರೆಸಿಕೊಳ್ಳಿ, ಟೆಂಪೊದವನ ಹತ್ತಿರವೂ ಒಂದು ಚೀಟಿ ತನ್ನಿ ಎಂದು. ಮೇಸ್ತ್ರಿಯದು ಸಿಕ್ಕಿದೆ. ಟೆಂಪೊದವನು ಇವತ್ತು ನಾಳೆ ಅನ್ನುತ್ತಿದ್ದಾನೆ.